ಪಾಟ್‌ಲಕ್ ಊಟಕ್ಕೆ ಹೆಸರು ಕೇಳುವ ಸಂದೇಶ: ಮತ್ತೆ ಮತ್ತೆ ನೆನಪಿಸದೆ ಉತ್ತರ ಪಡೆಯುವ ಕ್ರಮ

ಕಚೇರಿಯ ತಂಡದವರೆಲ್ಲ ಮನೆಯಿಂದ ಒಂದೊಂದು ಬಗೆಯನ್ನು ತಂದು, ಹಂಚಿಕೊಂಡು ಉಣ್ಣುವ ಊಟಕ್ಕೆ ಈಗ ಎಲ್ಲೆಡೆ ಪಾಟ್‌ಲಕ್ ಎಂಬ ಹೆಸರೇ ರೂಢಿಯಾಗಿದೆ. ಅದನ್ನು ಏರ್ಪಡಿಸುವ ಹೊಣೆ ಹೊತ್ತವರು ಓದುಗರಾಗಿ ಬರೆಯುವ ಪತ್ರಗಳಲ್ಲಿ ಪದೇ ಪದೇ ಬರುವ ಪ್ರಶ್ನೆ ಒಂದೇ: "ಗುಂಪಿನಲ್ಲಿ ಸಂದೇಶ ಹಾಕಿದರೆ ಎಲ್ಲರೂ ಹೆಬ್ಬೆರಳು ಎತ್ತಿ ತೋರಿಸುತ್ತಾರೆ, ಆದರೆ ಏನು ತರುತ್ತೇವೆಂದು ಯಾರೂ ಹೇಳುವುದಿಲ್ಲ, ಏನು ಮಾಡಲಿ?" ಈ ಲೇಖನ ಆ ಒಂದು ಸಂದೇಶದ ಬಗ್ಗೆ ಮಾತ್ರ. ಉದಾಹರಣೆಗೆ ಬೆಂಗಳೂರಿನ ಒಂದು ಕಚೇರಿಯ ಹದಿನಾಲ್ಕು ಜನರ ತಂಡವನ್ನು ಇಟ್ಟುಕೊಂಡಿದ್ದೇನೆ. ಊಟ 20ನೇ ತಾರೀಖು ಶುಕ್ರವಾರ ಮಧ್ಯಾಹ್ನ, ಸಂದೇಶ ಹೋಗುವುದು ತಂಡದ ವಾಟ್ಸಾಪ್ ಗುಂಪಿಗೆ.

ಮೊದಲು, ಸಾಮಾನ್ಯವಾಗಿ ಹೋಗುವ ಸಂದೇಶ ಹೇಗಿರುತ್ತದೆ ಎಂಬುದನ್ನು ನೋಡಿ.

"ಎಲ್ಲರಿಗೂ ನಮಸ್ಕಾರ. ಮುಂದಿನ ಶುಕ್ರವಾರ ಪಾಟ್‌ಲಕ್ ಮಾಡೋಣವೇ? ಯಾರು ಯಾರು ಬರುತ್ತೀರಿ, ಏನೇನು ತರುತ್ತೀರಿ ದಯವಿಟ್ಟು ಬೇಗ ತಿಳಿಸಿ."

ಈ ಮೂರು ಸಾಲುಗಳಲ್ಲಿ ಮೂರು ಪ್ರಶ್ನೆಗಳಿವೆ: ಮಾಡೋಣವೇ, ಬರುತ್ತೀರಾ, ಏನು ತರುತ್ತೀರಿ. ಮೊದಲನೆಯದಕ್ಕೆ ಹೆಬ್ಬೆರಳು ಸಾಕು, ಆದ್ದರಿಂದ ಎಲ್ಲರೂ ಅದನ್ನು ಒತ್ತಿ ಮುಂದೆ ಹೋಗುತ್ತಾರೆ. ಮೂರನೆಯದಕ್ಕೆ ಉತ್ತರಿಸಬೇಕಾದರೆ ಮನೆಯಲ್ಲಿ ಕೇಳಬೇಕು, ಉಳಿದವರು ಏನು ತರುತ್ತಾರೆಂದು ಕಾಯಬೇಕು, ಎಷ್ಟು ಜನಕ್ಕೆ ಮಾಡಬೇಕೆಂದು ಲೆಕ್ಕ ಹಾಕಬೇಕು. ಇಷ್ಟು ಯೋಚನೆಯನ್ನು ಸಂಜೆಗೆ ಮುಂದೂಡಿದವರು ಸಂಜೆಗೆ ಅದನ್ನು ಮರೆತಿರುತ್ತಾರೆ. "ಬೇಗ" ಎಂಬುದಕ್ಕೆ ತಾರೀಖೂ ಇಲ್ಲ, ಗಂಟೆಯೂ ಇಲ್ಲ. ನಾನು ಮೊದಲ ಸಲ ಇಂಥದ್ದೇ ಸಂದೇಶ ಹಾಕಿದ್ದೆ. ಊಟದ ದಿನ ಮೇಜಿನ ಮೇಲೆ ನಾಲ್ಕು ಡಬ್ಬಿ ಜಾಮೂನು, ಮೂರು ಪೊಟ್ಟಣ ಚಿಪ್ಸ್ ಇದ್ದವು. ಅನ್ನದ ಬಗೆ ಎಂಬುದು ಒಂದೂ ಇರಲಿಲ್ಲ.

ಹಂತ 1: ದಿನವನ್ನು ಮೊದಲೇ, ಬೇರೆಯಾಗಿ ನಿಗದಿ ಮಾಡಿ

ಹೆಸರು ಕೇಳುವ ಸಂದೇಶದಲ್ಲಿ ದಿನದ ಚರ್ಚೆ ಇರಬಾರದು. ಸುಮಾರು ಹತ್ತು ದಿನ ಮೊದಲು ದಿನವನ್ನು ತೀರ್ಮಾನಿಸಿ, "20ನೇ ತಾರೀಖು ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ತಂಡದ ಪಾಟ್‌ಲಕ್. ಯಾರು ಏನು ತರುವುದೆಂಬ ಪಟ್ಟಿಯನ್ನು 16ನೇ ತಾರೀಖು ಸೋಮವಾರ ಹಾಕುತ್ತೇನೆ, ಈಗ ಉತ್ತರ ಬೇಡ" ಎಂದು ತಿಳಿಸಿ. ಉತ್ತರ ಬೇಡವೆಂದು ಸ್ಪಷ್ಟವಾಗಿ ಬರೆಯುವುದು ಮುಖ್ಯ. ಇಲ್ಲವಾದರೆ ಚರ್ಚೆ ಇಲ್ಲಿಯೇ ಆರಂಭವಾಗಿ ಸೋಮವಾರದ ಹೊತ್ತಿಗೆ ತಣ್ಣಗಾಗಿರುತ್ತದೆ.

ದಿನ ಗೊತ್ತುಮಾಡುವ ಮೊದಲು ಕ್ಯಾಲೆಂಡರಿನ ಆ ಪುಟವನ್ನು ಒಮ್ಮೆ ನೋಡಿ. ಏಕಾದಶಿ, ಸಂಕಷ್ಟಿಗಳಂದು ಉಪವಾಸ ಇರುವವರು, ರಂಜಾನ್ ತಿಂಗಳಲ್ಲಿ ಹಗಲು ಉಪವಾಸ ಇರುವವರು ತಂಡದಲ್ಲಿದ್ದರೆ ಅವರು ಉತ್ತರಿಸದೆ ಸುಮ್ಮನಿರುತ್ತಾರೆ, ಮತ್ತು ಆ ಮೌನವನ್ನು ನೀವು ಉದಾಸೀನವೆಂದು ತಪ್ಪಾಗಿ ತಿಳಿಯುತ್ತೀರಿ. ಊಟ ಪೂರ್ಣ ಸಸ್ಯಾಹಾರವೇ, ಮೊಟ್ಟೆ ಮಾಂಸಕ್ಕೆ ಬೇರೆ ಮೇಜು ಇರುತ್ತದೆಯೇ ಎಂಬುದೂ ಈ ಹಂತದಲ್ಲಿಯೇ ತೀರ್ಮಾನವಾಗಬೇಕು. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಕಡಲೆಬೀಜ ಒಗ್ಗದವರು ಯಾರಾದರೂ ಇದ್ದಾರೆಯೇ ಎಂದು ಎದುರಿಗೇ ಕೇಳಿ ತಿಳಿದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಊಟ ಸಸ್ಯಾಹಾರ.

ಹಂತ 2: ಪಟ್ಟಿಯನ್ನು ನೀವೇ ತಯಾರಿಸಿ

ಇಡೀ ಕೆಲಸದ ಮುಕ್ಕಾಲು ಪಾಲು ಇಲ್ಲಿದೆ. "ಏನು ತರುತ್ತೀರಿ?" ಎಂದು ಕೇಳುವ ಬದಲು "ಇವುಗಳಲ್ಲಿ ಯಾವುದು ನಿಮ್ಮದು?" ಎಂದು ಕೇಳಬೇಕು. ಅದಕ್ಕೆ ಅಡುಗೆಯ ಹೆಸರು ಮತ್ತು ಅಳತೆ ಇರುವ, ಕ್ರಮಸಂಖ್ಯೆ ಹಾಕಿದ ಪಟ್ಟಿ ಬೇಕು. ಅಳತೆ ಇಲ್ಲದ ಪಟ್ಟಿಯಿಂದ ಉತ್ತರ ತಡವಾಗುತ್ತದೆ, ಏಕೆಂದರೆ "ಹದಿನಾಲ್ಕು ಜನಕ್ಕೆ ಮೊಸರನ್ನ" ಎಂದೊಡನೆ ಓದುವವರ ಕಣ್ಣಿಗೆ ಮದುವೆ ಮನೆಯ ಹಂಡೆ ಬರುತ್ತದೆ. ನಿಜಕ್ಕೂ ಬೇಕಾಗುವುದು ಅಷ್ಟಲ್ಲ. ಮೂರು ಬಗೆಯ ಅನ್ನ ಇರುವಾಗ ಪ್ರತಿಯೊಂದಕ್ಕೂ ಅರ್ಧ ಕೆ.ಜಿ. ಅಕ್ಕಿ ಸಾಕು. ಒಟ್ಟು ಒಂದೂವರೆ ಕೆ.ಜಿ. ಅಕ್ಕಿ ಎಂದರೆ ತಲೆಗೆ ನೂರು ಗ್ರಾಂಗಿಂತ ಸ್ವಲ್ಪ ಹೆಚ್ಚೇ ಆಯಿತು, ಜೊತೆಗೆ ಚಪಾತಿಯೂ ಇರುತ್ತದೆ. "ಅಕ್ಕಿ ಅರ್ಧ ಕೆ.ಜಿ." ಎಂಬ ಎರಡು ಮೂರು ಪದಗಳನ್ನು ಓದಿದವರಿಗೆ ಅದು ಮನೆಯ ಕುಕ್ಕರಿನಲ್ಲಿ ಆಗುವ ಕೆಲಸವೆಂದು ತಕ್ಷಣ ತಿಳಿಯುತ್ತದೆ.

ಹದಿನಾಲ್ಕು ಜನರಿಗೆ ಹದಿನಾರು ಕ್ರಮಸಂಖ್ಯೆಗಳನ್ನು ಇಡಿ. ಸರಿಯಾಗಿ ಹದಿನಾಲ್ಕೇ ಇಟ್ಟರೆ ಕೊನೆಗೆ ಬಂದವರಿಗೆ ಆಯ್ಕೆಯೇ ಉಳಿಯುವುದಿಲ್ಲ, ಅವರು ಆ ಮುನಿಸಿನಲ್ಲಿ ಸುಮ್ಮನಾಗುತ್ತಾರೆ. ಇಪ್ಪತ್ತೈದು ಇಟ್ಟರೆ ಮುಖ್ಯವಾದವು ಖಾಲಿ ಉಳಿದು ಹೋಗುತ್ತವೆ. ಹದಿನಾರರಲ್ಲಿ ಹತ್ತು ಬೇಯಿಸಿ ತರುವಂಥವು, ಆರು ಅಂಗಡಿಯಿಂದ ಕೊಂಡು ತರುವಂಥವು ಇರಲಿ. ಪಿ.ಜಿ.ಯಲ್ಲಿ ಇರುವವರಿಗೆ, ಅಂದರೆ ಊಟ ವಸತಿ ಕೊಡುವ ಬಾಡಿಗೆ ಮನೆಗಳಲ್ಲಿ ಇರುವವರಿಗೆ, ಅಡುಗೆಮನೆ ಸಿಗುವುದಿಲ್ಲ. ಮಗುವಿನ ಪರೀಕ್ಷೆಯೋ ಮನೆಯಲ್ಲಿ ಕಾಯಿಲೆಯೋ ಇರುವವರಿಗೆ ಬೆಳಿಗ್ಗೆ ಸಮಯ ಸಿಗುವುದಿಲ್ಲ. ಕೊಂಡು ತರುವ ಸಾಲು ಇದ್ದರೆ ಇವರು ಕಾರಣ ಹೇಳದೆಯೇ ಉತ್ತರಿಸಬಹುದು. ಆದರೆ ಆ ಸಾಲು ಆರಕ್ಕಿಂತ ಹೆಚ್ಚಾಗದಿರಲಿ. ಸುಲಭವಾದದ್ದು ಮೊದಲು ಖರ್ಚಾಗುತ್ತದೆ, ತಟ್ಟೆ ಲೋಟದ ಸಂಖ್ಯೆಯಂತೂ ಸಂದೇಶ ಹೋದ ಐದು ನಿಮಿಷದಲ್ಲಿ ಹೋಗಿರುತ್ತದೆ.

ಇಲ್ಲದಿದ್ದರೆ ಊಟವೇ ನಡೆಯದಂಥವು ಪಟ್ಟಿಯ ಮೇಲ್ಭಾಗದಲ್ಲಿ, ಇಲ್ಲದಿದ್ದರೂ ನಡೆಯುವಂಥವು ಕೊನೆಯಲ್ಲಿ ಬರುವಂತೆ ಜೋಡಿಸಿ. ಬೀಡಾ ಇಲ್ಲದೆ ಊಟ ಆಗುತ್ತದೆ, ಬಿಸಿಬೇಳೆಬಾತ್ ಇಲ್ಲದೆ ಆಗುವುದು ಕಷ್ಟ.

ಹಂತ 3: ಖಾಲಿ ಪಟ್ಟಿಯನ್ನು ಹಾಕಬೇಡಿ

ಹದಿನಾರು ಖಾಲಿ ಸಾಲುಗಳ ಮೇಲೆ ಮೊದಲ ಹೆಸರು ಬರೆಯಲು ಎಲ್ಲರಿಗೂ ಸಂಕೋಚ. ಮದುವೆ ಪಂಕ್ತಿಯಲ್ಲಿ ಮೊದಲು ಹೋಗಿ ಕೂರಲು ಆಗುವ ಸಂಕೋಚವೇ ಇದು. ಆದ್ದರಿಂದ ಸಂದೇಶ ಹಾಕುವ ಮೊದಲು ಮೂರು ಸಾಲುಗಳು ತುಂಬಿರಬೇಕು. ಎಲ್ಲಕ್ಕಿಂತ ಶ್ರಮದ ಬಗೆಯನ್ನು ನೀವೇ ತೆಗೆದುಕೊಳ್ಳಿ. ಉಳಿದ ಎರಡಕ್ಕೆ ಅಡುಗೆಯಲ್ಲಿ ಕೈ ಪಳಗಿದ ಇಬ್ಬರು ಸಹೋದ್ಯೋಗಿಗಳ ಬಳಿ ಹಿಂದಿನ ದಿನ ಎದುರಿಗೇ ಮಾತನಾಡಿ: "ಗೀತಕ್ಕ, ನಿಮ್ಮ ಚಿತ್ರಾನ್ನಕ್ಕೆ ನಿಮ್ಮ ಹೆಸರು ಹಾಕಿಯೇ ಪಟ್ಟಿ ಹೊರಡಿಸಲೇ?" ಎಂದರೆ ಬೇಡವೆನ್ನುವವರು ಕಡಿಮೆ. ತುಂಬಿದ ಈ ಸಾಲುಗಳು ಒಂದು ಮಾದರಿಯಾಗಿಯೂ ಕೆಲಸ ಮಾಡುತ್ತವೆ. ಉತ್ತರವನ್ನು ಎಷ್ಟು ಚಿಕ್ಕದಾಗಿ ಬರೆದರೆ ಸಾಕು ಎಂಬುದನ್ನು ಅವು ತೋರಿಸುತ್ತವೆ.

ಹಂತ 4: ಪ್ರತಿಯೊಂದು ಸ್ಥಿತಿಗೂ ಒಂದು ಚಿಕ್ಕ ಉತ್ತರ ಕೊಡಿ

ಉತ್ತರ ಬಾರದಿರುವುದಕ್ಕೆ ನಾವು ಊಹಿಸದ ಒಂದು ಕಾರಣವೆಂದರೆ "ಇಲ್ಲ" ಎನ್ನಲು ಆಗುವ ಮುಜುಗರ. ಬರುವುದಿಲ್ಲವೆನ್ನಲು, ಅಥವಾ ಬರುತ್ತೇನೆ ಆದರೆ ಏನೂ ತರಲಾರೆ ಎನ್ನಲು, ಜನರಿಗೆ ಸರಿಯಾದ ಮಾತು ಸಿಗುವುದಿಲ್ಲ. ಅದನ್ನು ನೀವೇ ಒದಗಿಸಿ. ತರುವವರು ಕ್ರಮಸಂಖ್ಯೆ ಬರೆಯಲಿ, ಊಟಕ್ಕೆ ಬಂದು ಏನೂ ತರಲಾಗದವರು 0 ಬರೆಯಲಿ, ಬರಲಾಗದವರು X ಬರೆಯಲಿ. ಕಾರಣ ಬೇಡವೆಂದೂ ಸೇರಿಸಿ. 0 ಕೊಟ್ಟರೆ ಎಲ್ಲರೂ ಅದನ್ನೇ ಬರೆಯುತ್ತಾರೆ ಎಂಬ ಭಯ ಕೆಲವರಿಗಿದೆ. ಹೆಸರು ಎಲ್ಲರಿಗೂ ಕಾಣುವ ಗುಂಪಿನಲ್ಲಿ ಹಾಗೆ ಆಗುವುದನ್ನು ನಾನು ನೋಡಿಲ್ಲ, ಒಬ್ಬರೋ ಇಬ್ಬರೋ ಬರೆಯುತ್ತಾರೆ, ಅವರಿಗೆ ನಿಜವಾದ ಕಾರಣ ಇರುತ್ತದೆ.

ಇನ್ನೊಂದು ತೊಡಕು ವಾಟ್ಸಾಪಿಗೆ ಸಂಬಂಧಿಸಿದ್ದು. "ಪಟ್ಟಿಯನ್ನು ಕಾಪಿ ಮಾಡಿ ನಿಮ್ಮ ಹೆಸರು ಸೇರಿಸಿ ಮತ್ತೆ ಹಾಕಿ" ಎಂಬ ರೂಢಿ ಬಹಳ ಗುಂಪುಗಳಲ್ಲಿದೆ. ಇಬ್ಬರು ಒಂದೇ ಹೊತ್ತಿಗೆ ಹಳೆಯ ಪಟ್ಟಿಯನ್ನು ಕಾಪಿ ಮಾಡಿದರೆ ಒಬ್ಬರ ಹೆಸರು ಅಳಿಸಿಹೋಗುತ್ತದೆ, ಹಾಗೆ ಅಳಿದದ್ದು ಊಟದ ದಿನವೇ ಗೊತ್ತಾಗುತ್ತದೆ. ಗುಂಪಿನಲ್ಲಿ ಮತ ಕೇಳುವ ಪೋಲ್ ಸೌಲಭ್ಯವೂ ಇದಕ್ಕೆ ಹೊಂದುವುದಿಲ್ಲ. ಅದರಲ್ಲಿ ಗರಿಷ್ಠ 12 ಆಯ್ಕೆಗಳಿಗಷ್ಟೇ ಜಾಗ, ಮೇಲಾಗಿ ಒಂದೇ ಆಯ್ಕೆಗೆ ಐದು ಜನ ಒತ್ತಿದರೂ ಅದು ತಡೆಯುವುದಿಲ್ಲ. ಎಲ್ಲರೂ ಸಂಖ್ಯೆಯನ್ನಷ್ಟೇ ಬರೆಯಲಿ, ಪಟ್ಟಿಯನ್ನು ತುಂಬುವ ಕೈ ನಿಮ್ಮದೊಂದೇ ಇರಲಿ. ಒಂದೇ ಸಂಖ್ಯೆಯನ್ನು ಇಬ್ಬರು ಬರೆದರೆ ಮೊದಲು ಬಂದ ಸಂದೇಶಕ್ಕೆ ಅದು ಸಲ್ಲುತ್ತದೆ, ಎರಡನೆಯವರಿಗೆ ಹತ್ತಿರದ ಬೇರೊಂದು ಸಂಖ್ಯೆಯನ್ನು ನೀವೇ ಸೂಚಿಸಿ.

ಹಂತ 5: ಗಡುವು, ಮತ್ತು ಗಡುವು ಮೀರಿದರೆ ಏನಾಗುತ್ತದೆ

ಗಡುವಿಗೆ ವಾರ, ತಾರೀಖು, ಗಂಟೆ ಮೂರೂ ಇರಬೇಕು. ಪಟ್ಟಿ ಹಾಕಿದ ದಿನದಿಂದ ಎರಡು ದಿನ ಕೊಟ್ಟರೆ ಸಾಕು. ಹೆಚ್ಚು ದಿನ ಕೊಟ್ಟಷ್ಟೂ "ಇನ್ನೂ ಸಮಯವಿದೆ" ಎಂಬ ಭಾವನೆ ಬೆಳೆಯುತ್ತದೆ. ಊಟ ಶುಕ್ರವಾರವಾದ್ದರಿಂದ ಬುಧವಾರ ಸಂಜೆ ನಾಲ್ಕಕ್ಕೆ ಮುಗಿಸಿದರೆ ಗುರುವಾರ ಸಂಜೆ ಎಲ್ಲರಿಗೂ ಪೇಟೆಗೆ ಹೋಗಲು ಬಿಡುವು ಇರುತ್ತದೆ. ಗಡುವಿನ ಪಕ್ಕದಲ್ಲಿ ಆ ಕಾರಣವನ್ನೂ ಬರೆಯಿರಿ. ಕಾರಣವಿಲ್ಲದ ಗಡುವನ್ನು ಜನ ನಂಬುವುದಿಲ್ಲ.

ಇಷ್ಟಾದರೂ ಉತ್ತರಿಸದವರು ಇರುತ್ತಾರೆ. ಅವರಿಗಾಗಿ ಸಂದೇಶದಲ್ಲಿಯೇ ಒಂದು ಸಾಲು ಇರಲಿ: ಗಡುವಿನೊಳಗೆ ಸಂಖ್ಯೆ ಬಾರದಿದ್ದರೆ ಕೊಂಡು ತರುವ ಬಗೆಗಳಲ್ಲಿ ಉಳಿದಿರುವ ಒಂದಕ್ಕೆ ಹೆಸರು ಸೇರಿಸಲಾಗುವುದು. ಈ ಸಾಲು ಇದ್ದರೆ ಮೌನವೂ ಒಂದು ಉತ್ತರವಾಗುತ್ತದೆ, ನೀವು ನೆನಪಿಸುತ್ತ ಕೂರಬೇಕಾಗಿಲ್ಲ. ಆದರೆ ಇಲ್ಲಿ ಎರಡು ಎಚ್ಚರಿಕೆಗಳಿವೆ. ಕೇಳದೆ ಯಾರ ತಲೆಗೂ ಬೇಯಿಸುವ ಕೆಲಸ ಕಟ್ಟಬಾರದು, ಬಾಳೆಹಣ್ಣು ಅಥವಾ ಹಪ್ಪಳದಂಥದ್ದು ಮಾತ್ರ. ಮತ್ತು ನೀವು ತಂಡದ ಮುಖ್ಯಸ್ಥರಾಗಿದ್ದರೆ ಈ ಸಾಲು ಆಜ್ಞೆಯಂತೆ ಕೇಳಿಸುತ್ತದೆ. ಆಗ ಸಂದೇಶವನ್ನು ತಂಡದ ಬೇರೊಬ್ಬರಿಂದ ಹಾಕಿಸುವುದು ಒಳ್ಳೆಯದು.

ಹಂತ 6: ಸಂದೇಶವನ್ನು ಬರೆದು ಹಾಕುವುದು

ವಾಟ್ಸಾಪಿನಲ್ಲಿ ಉದ್ದವಾದ ಸಂದೇಶ ಪೂರ್ತಿ ಕಾಣುವುದಿಲ್ಲ, ಒಂದಷ್ಟು ಸಾಲುಗಳ ನಂತರ ಮುಚ್ಚಿಕೊಂಡು, ಒತ್ತಿದರೆ ಮಾತ್ರ ತೆರೆಯುತ್ತದೆ. ಹದಿನಾರು ಸಾಲಿನ ಪಟ್ಟಿಯ ಕೆಳಗೆ "ಬುಧವಾರದೊಳಗೆ ಸಂಖ್ಯೆ ಬರೆಯಿರಿ" ಎಂದು ಹಾಕಿದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಏನು ಮಾಡಬೇಕು, ಯಾವಾಗಿನೊಳಗೆ ಎಂಬುದು ಮೊದಲ ಎರಡು ಸಾಲುಗಳಲ್ಲಿಯೇ ಬರಬೇಕು, ಪಟ್ಟಿ ಆಮೇಲೆ. ಸಂದೇಶ ಹೀಗಿರಬಹುದು (ಹೆಸರುಗಳು ಮಾದರಿಗಾಗಿ):

ಶುಕ್ರವಾರದ ಪಾಟ್‌ಲಕ್‌ಗೆ ಕೆಳಗಿನ ಪಟ್ಟಿಯಿಂದ ಒಂದು ಸಂಖ್ಯೆಯನ್ನು ಮಾತ್ರ ಇಲ್ಲಿ ಬರೆಯಿರಿ.
ಕೊನೆಯ ಸಮಯ: 18, ಬುಧವಾರ ಸಂಜೆ 4 (ಗುರುವಾರ ಎಲ್ಲರೂ ಸಾಮಾನು ತರಬೇಕಲ್ಲ).
ಬರುತ್ತೀರಿ, ತರಲಾಗದು: 0. ಬರಲಾಗದು: X. ಕಾರಣ ಬೇಡ.

ಬೇಯಿಸಿ ತರುವುದು
1. ಬಿಸಿಬೇಳೆಬಾತ್, ಅಕ್ಕಿ ಅರ್ಧ ಕೆ.ಜಿ. – ನಾನು
2. ಚಿತ್ರಾನ್ನ, ಅಕ್ಕಿ ಅರ್ಧ ಕೆ.ಜಿ. – ಗೀತಾ
3. ಮೊಸರನ್ನ, ಅಕ್ಕಿ ಅರ್ಧ ಕೆ.ಜಿ.
4. ಚಪಾತಿ 15 – ಮಂಜುನಾಥ್
5. ಚಪಾತಿ 15
6. ತರಕಾರಿ ಸಾಗು, 2 ಲೀಟರ್ ಡಬ್ಬಿ
7. ಹುರುಳಿಕಾಯಿ ಪಲ್ಯ, ಕಾಯಿ 1 ಕೆ.ಜಿ.
8. ಕೋಸಂಬರಿ, ಹೆಸರುಬೇಳೆ ಕಾಲು ಕೆ.ಜಿ.
9. ಶಾವಿಗೆ ಪಾಯಸ, 2 ಲೀಟರ್
10. ಮಜ್ಜಿಗೆ, 3 ಲೀಟರ್

ಕೊಂಡು ತರುವುದು
11. ಹಾಳೆ ತಟ್ಟೆ 20, ಲೋಟ 30
12. ಬಾಳೆಹಣ್ಣು 15
13. ಮೈಸೂರು ಪಾಕ್ 15 ತುಂಡು
14. ಹಪ್ಪಳ, ಉಪ್ಪಿನಕಾಯಿ
15. ಚಿಪ್ಸ್ ಅರ್ಧ ಕೆ.ಜಿ.
16. ಬೀಡಾ 15

ಬುಧವಾರ 4ರೊಳಗೆ ಸಂಖ್ಯೆ ಬಾರದವರ ಹೆಸರನ್ನು 11ರಿಂದ 16ರೊಳಗೆ ಉಳಿದ ಒಂದಕ್ಕೆ ನಾನೇ ಸೇರಿಸುತ್ತೇನೆ.

ಇದನ್ನು ಸೋಮವಾರ ಬೆಳಿಗ್ಗೆ ಕೆಲಸ ಆರಂಭವಾಗುವ ಗದ್ದಲದಲ್ಲಿ ಹಾಕಬೇಡಿ. ಮಧ್ಯಾಹ್ನ ಹನ್ನೆರಡೂವರೆಗೆ, ಎಲ್ಲರೂ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಹಾಕಿ. ಪಕ್ಕದಲ್ಲಿ ಕೂತವರು ಒಬ್ಬರನ್ನೊಬ್ಬರು ಕೇಳಿಕೊಂಡು ಅಲ್ಲಿಯೇ ಸಂಖ್ಯೆ ಬರೆಯುತ್ತಾರೆ. ಹಾಕಿದ ಮೇಲೆ ಸಂದೇಶವನ್ನು ಪಿನ್ ಮಾಡಿ, ಅಂದರೆ ಗುಂಪಿನ ಮೇಲ್ತುದಿಯಲ್ಲಿ ಅಂಟಿಕೊಂಡಿರುವಂತೆ ಮಾಡಿ. ಅದಕ್ಕೆ 24 ಗಂಟೆ, 7 ದಿನ, 30 ದಿನ ಎಂಬ ಅವಧಿಗಳಿವೆ, ಇಲ್ಲಿ 7 ದಿನ ಸರಿ.

ಹಂತ 7: ನೆನಪಿಸುವ ಬದಲು ಪಟ್ಟಿಯನ್ನು ತೋರಿಸಿ

ವಾಟ್ಸಾಪಿನಲ್ಲಿ ಕಳಿಸಿದ ಸಂದೇಶವನ್ನು ತಿದ್ದಲು ಹದಿನೈದು ನಿಮಿಷ ಮಾತ್ರ ಅವಕಾಶ. ಹಾಗಾಗಿ ತುಂಬಿದ ಪಟ್ಟಿಯನ್ನು ಹೊಸದಾಗಿಯೇ ಹಾಕಬೇಕಾಗುತ್ತದೆ, ಮತ್ತು ಈ ಮಿತಿಯೇ ನಿಮಗೆ ಅನುಕೂಲ. ಮಂಗಳವಾರ ಮತ್ತು ಬುಧವಾರ ಮಧ್ಯಾಹ್ನ ಒಮ್ಮೊಮ್ಮೆ, ಬಂದ ಹೆಸರುಗಳನ್ನು ಸೇರಿಸಿ ಪಟ್ಟಿಯನ್ನು ಮತ್ತೆ ಹಾಕಿ, ಹಳೆಯದರ ಪಿನ್ ತೆಗೆದು ಹೊಸದಕ್ಕೆ ಕೊಡಿ. ಮೇಲೆ "ಇದುವರೆಗಿನ ಪಟ್ಟಿ, ಉಳಿದವು 5, 6, 7, 12, 14, 15, 16" ಎಂದಷ್ಟೇ ಬರೆಯಿರಿ. "ಇನ್ನೂ ಉತ್ತರಿಸದವರು" ಎಂದು ಯಾರ ಹೆಸರನ್ನೂ ಗುಂಪಿನಲ್ಲಿ ಎತ್ತಬೇಡಿ. ಹೆಸರು ಎತ್ತಿದರೆ ಉತ್ತರ ಬರಬಹುದು, ಆದರೆ ಅವರು ಮುಂದಿನ ಸಲ ಮೊದಲೇ X ಬರೆಯುತ್ತಾರೆ.

ನಮ್ಮ ಉದಾಹರಣೆಯ ತಂಡದಲ್ಲಿ ಲೆಕ್ಕ ಹೀಗೆ ನಡೆಯಿತು ಎಂದುಕೊಳ್ಳಿ. ಮೂರು ಹೆಸರುಗಳಿಂದ ಹೊರಟ ಪಟ್ಟಿಗೆ ಸೋಮವಾರ ಸಂಜೆಯ ವೇಳೆಗೆ ಐದು ಉತ್ತರಗಳು ಬಂದವು: 11, 3, 8, 10 ಮತ್ತು ಒಂದು X. ಮಂಗಳವಾರ 9, 13 ಮತ್ತು ಒಂದು 0 ಬಂದವು. ಬುಧವಾರ 6 ಬಂತು. ನಾಲ್ಕು ಗಂಟೆಗೆ ಹದಿನಾಲ್ಕರಲ್ಲಿ ಹನ್ನೆರಡು ಉತ್ತರ, ಇಬ್ಬರು ಮೌನ. ಆ ಇಬ್ಬರಲ್ಲಿ ಯಾರಾದರೂ ರಜೆಯಲ್ಲಿದ್ದಾರೆಯೇ ಎಂದು ನೋಡಿದ ಮೇಲೆ, ಇಬ್ಬರಿಗೂ ಗುಂಪಿನ ಹೊರಗೆ ಬೇರೆಬೇರೆಯಾಗಿ ಬರೆಯಿರಿ: "12, ಬಾಳೆಹಣ್ಣಿಗೆ ನಿಮ್ಮ ಹೆಸರು ಹಾಕಿದ್ದೇನೆ. ಆಗದಿದ್ದರೆ 0 ಅಥವಾ X ಎಂದು ತಿಳಿಸಿ, ಬೇಸರವಿಲ್ಲ." ಇನ್ನೊಬ್ಬರಿಗೆ 14. ಇಷ್ಟಾದ ಮೇಲೆ ಖಾಲಿ ಉಳಿದವು 5, 7, 15, 16. ಚಿಪ್ಸ್, ಬೀಡಾ ಬಿಟ್ಟುಬಿಡಬಹುದು. ಸಾಗು ಇರುವುದರಿಂದ ಪಲ್ಯವಿಲ್ಲದೆ ನಡೆಯುತ್ತದೆ. ಉಣ್ಣುವವರು ಹದಿಮೂರು, ಚಪಾತಿ ಹದಿನೈದು, ಮೂರು ಬಗೆಯ ಅನ್ನದ ಜೊತೆ ತಲೆಗೊಂದು ಸಾಕು. ಮತ್ತೆ ಗುಂಪಿನಲ್ಲಿ "ಚಪಾತಿ ಯಾರಾದರೂ ತರುತ್ತೀರಾ" ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಖಾಲಿ ಉಳಿದದ್ದು 3ನೆಯದೋ 6ನೆಯದೋ ಆಗಿದ್ದರೆ ಹೋಟೆಲಿನಿಂದ ತರಿಸಿ ಖರ್ಚು ಹಂಚಿಕೊಳ್ಳುವುದೇ ಸರಿ. ಒಂದು ಡಬ್ಬಿ ಸಾಗುವಿಗಾಗಿ ಹದಿಮೂರು ಜನರ ಬೆನ್ನು ಹತ್ತುವುದು ತರವಲ್ಲ.

ಹಂತ 8: ಉಳಿದ ಸೂಚನೆಗಳು ಗುರುವಾರಕ್ಕೆ

ಸೌಟು, ಬಿಸಿ ಮಾಡುವ ವ್ಯವಸ್ಥೆ, ಎಷ್ಟು ಹೊತ್ತಿಗೆ ಎಲ್ಲಿ ಇಡಬೇಕು ಎಂಬುದನ್ನೆಲ್ಲ ಸೋಮವಾರದ ಸಂದೇಶಕ್ಕೆ ತುರುಕಿದರೆ ಅದು ಸುತ್ತೋಲೆಯಾಗುತ್ತದೆ, ಸುತ್ತೋಲೆಗೆ ಯಾರೂ ಉತ್ತರಿಸುವುದಿಲ್ಲ. ಅವೆಲ್ಲ ಗುರುವಾರ ಬೆಳಿಗ್ಗೆ, ಅಂತಿಮ ಪಟ್ಟಿಯ ಜೊತೆಗೆ ಹೋಗಲಿ. ಬೇಯಿಸಿ ತರುವ ಪ್ರತಿಯೊಬ್ಬರೂ ತಮ್ಮ ಡಬ್ಬಿಗೆ ಒಂದು ಸೌಟನ್ನೂ ತರಬೇಕೆಂದು ಬರೆಯಿರಿ. ಇದನ್ನು ಬರೆಯದ ಊಟದಲ್ಲಿ ಪಾಯಸವನ್ನು ಟೀ ಲೋಟದಿಂದ ಬಡಿಸಬೇಕಾಗುತ್ತದೆ. ಕೋಸಂಬರಿಗೆ ಉಪ್ಪು, ನಿಂಬೆರಸವನ್ನು ಕಚೇರಿಯಲ್ಲಿ ಬಡಿಸುವ ಮೊದಲು ಹಾಕಲಿ. ಬೆಳಿಗ್ಗೆ ಏಳಕ್ಕೆ ಉಪ್ಪು ಬೆರೆಸಿ ಮುಚ್ಚಿದ ಕೋಸಂಬರಿಯಲ್ಲಿ ಸೌತೆಕಾಯಿ ನೀರು ಬಿಟ್ಟುಕೊಂಡು, ಒಂದು ಗಂಟೆಗೆ ಡಬ್ಬಿಯ ತಳದಲ್ಲಿ ಬೇಳೆ ತೇಲುತ್ತಿರುತ್ತದೆ. ಮೊಸರನ್ನಕ್ಕೆ ಬೆಳಿಗ್ಗೆ ಹಾಲು ಹೆಚ್ಚು, ಮೊಸರು ಒಂದೆರಡು ಚಮಚ ಮಾತ್ರ ಹಾಕಿದರೆ ಊಟದ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಕಚೇರಿಯಲ್ಲಿ ಮೈಕ್ರೋವೇವ್ ಒಂದೇ ಇದ್ದರೆ ಬಿಸಿಬೇಳೆಬಾತ್ ಮತ್ತು ಸಾಗುವಿಗೆ ಮಾತ್ರ ಅದನ್ನು ಮೀಸಲಿಟ್ಟು, ಆ ಇಬ್ಬರು ಹನ್ನೆರಡೂವರೆಗೇ ಹೋಗಬೇಕೆಂದು ಹೇಳಿ.

ಕೊನೆಯದಾಗಿ, ಶುಕ್ರವಾರ ಬೆಳಿಗ್ಗೆ ಯಾರಿಗಾದರೂ ಹುಷಾರಿಲ್ಲದೆ ತರಲಾಗದಿದ್ದರೆ ಅದನ್ನು ಗುಂಪಿನಲ್ಲಿ ಹಾಕದೆ ನೇರವಾಗಿ ನಿಮಗೆ ಫೋನ್ ಮಾಡಬೇಕೆಂದು ಗುರುವಾರದ ಸಂದೇಶದಲ್ಲಿ ಬರೆಯಿರಿ. ಗುಂಪಿನಲ್ಲಿ ಹಾಕಿದರೆ ಮೂವರು ಮರುಕದಿಂದ ಅದೇ ಬಗೆಯನ್ನು ದಾರಿಯಲ್ಲಿ ಕೊಂಡು ತರುತ್ತಾರೆ. ನಿಮಗೆ ಮಾತ್ರ ತಿಳಿದರೆ ಒಬ್ಬರಿಗೆ ಹೇಳಿ ತರಿಸುತ್ತೀರಿ, ಇಲ್ಲವೇ ಆ ಸಾಲನ್ನು ಪಟ್ಟಿಯಿಂದ ಹೊಡೆದುಹಾಕುತ್ತೀರಿ.